ಬೆಳಿಗ್ಗೆ ಎದ್ದಾಗ ಬಾಯಿ ಸೊಟ್ಟಗಾಗಿದೆ: ಮುಖದ ನರವೋ, ಸ್ಟ್ರೋಕೋ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಕ್ಷಿಣ ಬೆಂಗಳೂರಿನಲ್ಲಿ ನರರೋಗಗಳನ್ನು ನೋಡುವ ವೈದ್ಯ. ಮುಖಕ್ಕೆ ಕೈ ಅಡ್ಡ ಹಿಡಿದುಕೊಂಡು, ಇಲ್ಲವೇ ಸೆರಗು ಮುಚ್ಚಿಕೊಂಡು ಒಳಗೆ ಬರುವವರು ಆಗಾಗ ಇರುತ್ತಾರೆ. ಜೊತೆಗೆ ಬಂದವರ ಮೊದಲ ಮಾತು ಒಂದೇ: "ಡಾಕ್ಟ್ರೇ, ಲಕ್ವ ಹೊಡೆದುಬಿಟ್ಟಿದೆ." ನಮ್ಮ ಜನ ಎರಡು ಬೇರೆ ಬೇರೆ ಕಾಯಿಲೆಗಳಿಗೆ ಈ ಒಂದೇ ಹೆಸರು ಇಟ್ಟಿದ್ದಾರೆ. ಒಂದು, ಮಿದುಳಿಗೆ ರಕ್ತ ನಿಂತೋ, ಮಿದುಳಿನಲ್ಲಿ ರಕ್ತ ಸೋರಿಯೋ ಆಗುವ ಸ್ಟ್ರೋಕ್. ಇನ್ನೊಂದು, ಕಿವಿಯ ಹಿಂದಿನ ಮೂಳೆಯೊಳಗೆ ಮುಖದ ನರ ಊದಿಕೊಂಡು ಆಗುವ ಬೆಲ್ಸ್ ಪಾಲ್ಸಿ. ಮೊದಲನೆಯದಕ್ಕೆ ಸಿಗುವುದು ಕೆಲವೇ ಗಂಟೆ. ಎರಡನೆಯದಕ್ಕೆ ಮೂರು ದಿನ. ಇಲ್ಲಿರುವುದು ನನ್ನ ಕೋಣೆಯಲ್ಲಿ ಜನ ನಿಜವಾಗಿ ಕೇಳುವ ಪ್ರಶ್ನೆಗಳು.

ಮನೆಯಲ್ಲಿ ಒಬ್ಬರ ಮುಖ ದಿಢೀರ್ ಅಂತ ಒಂದು ಕಡೆ ಬಿದ್ದುಹೋಗಿದೆ. ಮೊದಲು ಏನು ಮಾಡಬೇಕು?

ಗಡಿಯಾರ ನೋಡಿ. ಅವರು ಕೊನೆಯ ಬಾರಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಅಂತ ಬರೆದಿಟ್ಟುಕೊಳ್ಳಿ. ನಿದ್ದೆಯಿಂದ ಏಳುವಾಗಲೇ ಹೀಗಾಗಿದ್ದರೆ, ಎದ್ದ ಹೊತ್ತನ್ನಲ್ಲ, ರಾತ್ರಿ ಚೆನ್ನಾಗಿ ಮಲಗಿದ ಹೊತ್ತನ್ನು ಲೆಕ್ಕಕ್ಕೆ ಹಿಡಿಯಬೇಕು. ಆಮೇಲೆ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ಅಂಗೈ ಮೇಲಕ್ಕಿರುವಂತೆ, ಕಣ್ಣು ಮುಚ್ಚಿ ಹತ್ತು ಎಣಿಸುವವರೆಗೂ ಹಿಡಿದಿರಲು ಹೇಳಿ. ಒಂದು ಕೈ ನಿಧಾನಕ್ಕೆ ಕೆಳಗಿಳಿದರೆ, ಅಥವಾ ಮಾತು ತಪ್ಪುತ್ತಿದ್ದರೆ, ನಡೆಯುವಾಗ ಒಂದು ಕಡೆಗೆ ಎಳೆಯುತ್ತಿದ್ದರೆ, ಎರಡೆರಡು ಕಾಣುತ್ತಿದ್ದರೆ, ಹಿಂದೆಂದೂ ಬಾರದಂಥ ತಲೆನೋವು ಬಂದಿದ್ದರೆ ಅದನ್ನು ಸ್ಟ್ರೋಕ್ ಅಂತಲೇ ಹಿಡಿಯಿರಿ. 108ಕ್ಕೆ ಫೋನ್ ಮಾಡಿ.

ಇಂಥ ಹೊತ್ತಿನಲ್ಲಿ ಬೀದಿಯ ಕ್ಲಿನಿಕ್ಕಿಗೆ ಹೋಗಬೇಡಿ. ರಾತ್ರಿ ಹಗಲು ಸಿಟಿ ಸ್ಕ್ಯಾನ್ ಇರುವ, ಸ್ಟ್ರೋಕ್‌ಗೆ ಚಿಕಿತ್ಸೆ ಕೊಡುವ ಆಸ್ಪತ್ರೆಗೇ ನೇರವಾಗಿ ಹೋಗಬೇಕು. ಹೊಸೂರು ರಸ್ತೆಯ ನಿಮ್ಹಾನ್ಸ್ ಎಲ್ಲರಿಗೂ ಗೊತ್ತಿರುವುದೇ. ಆದರೆ ನೀವು ಹೆಬ್ಬಾಳದಲ್ಲಿದ್ದು, ಸಂಜೆ ಆರು ಗಂಟೆಯಾಗಿದ್ದರೆ, ನಗರ ದಾಟಿ ಅಲ್ಲಿಗೆ ಹೋಗುವುದಕ್ಕಿಂತ ಹತ್ತಿರದಲ್ಲಿ ಇಂಥ ಸೌಲಭ್ಯ ಇರುವ ಆಸ್ಪತ್ರೆಯೇ ಒಳ್ಳೆಯದು. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಎಷ್ಟು ಬೇಗ ಕೊಟ್ಟರೆ ಅಷ್ಟು ಗುಣ. ನಮ್ಮ ಟ್ರಾಫಿಕ್ ಅದರಲ್ಲೇ ಒಂದು ಗಂಟೆ ತಿಂದುಹಾಕುತ್ತದೆ. ಹೊರಡುವಾಗಲೇ ಆಸ್ಪತ್ರೆಗೆ ಫೋನ್ ಮಾಡಿ, "ಸ್ಟ್ರೋಕ್ ಇರಬಹುದು, ಬರ್ತಿದ್ದೀವಿ" ಅಂತ ತಿಳಿಸಿ.

ದಾರಿಯಲ್ಲಿ ನೀರು, ಕಾಫಿ ಏನೂ ಕುಡಿಸಬೇಡಿ, ಉಸಿರಿನ ಕೊಳವೆಗೆ ಹೋಗಬಹುದು. ಯಾರೋ ಹೇಳಿದರು ಅಂತ ಆಸ್ಪಿರಿನ್ ಮಾತ್ರೆಯನ್ನೂ ಕೊಡಬೇಡಿ. ಮಿದುಳಿನಲ್ಲಿ ರಕ್ತ ನಿಂತಿದೆಯೋ, ಸೋರಿದೆಯೋ ಅನ್ನುವುದು ಸ್ಕ್ಯಾನ್ ಮಾಡುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಕೈಕಾಲು, ಮಾತು ಎಲ್ಲ ಸರಿಯಿದ್ದು ಮುಖ ಮಾತ್ರ ಬಿದ್ದಿದ್ದರೆ? ಆಗಲೂ ಅದೇ ದಿನ, ಆದಷ್ಟು ಬೇಗ ವೈದ್ಯರ ಕೈಗೆ ಹೋಗಲೇಬೇಕು. ಇದು ಬೆಲ್ಸ್ ಪಾಲ್ಸಿ, ಇದು ಸ್ಟ್ರೋಕ್ ಅಂತ ತೀರ್ಪು ಕೊಡುವುದು ಮನೆಯವರ ಕೆಲಸವಲ್ಲ. ಕೆಳಗೆ ಬರೆದಿರುವುದು, ವೈದ್ಯರು ಏನು ನೋಡುತ್ತಾರೆ ಅಂತ ನಿಮಗೆ ಅರ್ಥವಾಗಲಿ ಅಂತ. ಅದನ್ನು ಓದಿ ಮನೆಯಲ್ಲೇ ಉಳಿದುಬಿಡಬೇಡಿ.

ಬಾಯಿ ಎಡಕ್ಕೆ ಎಳೆದಿದೆ, ಎಡಗಣ್ಣೂ ಚಿಕ್ಕದಾಗಿದೆ. ಹಾಗಾದರೆ ಎಡಭಾಗ ಹೋಗಿದೆ ಅಂತಾನಾ?

ಅಲ್ಲ. ಬಹಳಷ್ಟು ಮನೆಯವರು ಎಡವುವುದು ಇಲ್ಲೇ. ಬಲಭಾಗದ ಮುಖ ಸೋತಾಗ ಅದನ್ನು ಎಳೆದು ಹಿಡಿಯುವ ಶಕ್ತಿ ಇರುವುದಿಲ್ಲ. ಚೆನ್ನಾಗಿರುವ ಎಡಭಾಗ ಬಾಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಎರಡು ಕಡೆ ಹಗ್ಗ ಹಿಡಿದಿದ್ದಾಗ ಒಬ್ಬ ಕೈಬಿಟ್ಟರೆ ಹಗ್ಗ ಇನ್ನೊಬ್ಬನ ಕಡೆಗೆ ಹೋಗುತ್ತದಲ್ಲ, ಹಾಗೆ. ಸೊಟ್ಟಗೆ ಎಳೆದಿರುವ ಕಡೆಯೇ ಸರಿಯಿರುವ ಕಡೆ.

ಕಣ್ಣಿನದ್ದೂ ಇದೇ ಕಥೆ. ಮುಖದ ನರ ಸೋತ ಕಡೆಯ ಕಣ್ಣು ಪೂರ್ತಿ ಮುಚ್ಚುವುದಿಲ್ಲ, ಕೆಳರೆಪ್ಪೆ ಸಡಿಲವಾಗಿ ಇಳಿದಿರುತ್ತದೆ. ಹಾಗಾಗಿ ಆ ಕಣ್ಣು ಸ್ವಲ್ಪ ದೊಡ್ಡದಾಗಿ, ಬಿಟ್ಟಂತೆ ಕಾಣುತ್ತದೆ. ಅದರ ಪಕ್ಕದಲ್ಲಿ ಆರೋಗ್ಯವಾಗಿರುವ ಕಣ್ಣು ಚಿಕ್ಕದಾಗಿ, ರೆಪ್ಪೆ ಜೋತುಬಿದ್ದಂತೆ ಕಾಣುತ್ತದೆ. ಸರಿಯಿರುವ ಕಣ್ಣಿಗೆ ಡ್ರಾಪ್ಸ್ ಹಾಕಿಕೊಂಡು ಬಂದವರನ್ನು ನಾನು ನೋಡಿದ್ದೇನೆ. ಪಾಪ, ಮುಚ್ಚಲಾಗದ ಇನ್ನೊಂದು ಕಣ್ಣು ಎರಡು ದಿನ ಒಣಗಿ ಕೆಂಪಾಗಿತ್ತು.

"ಹಣೆ ನೋಡಿ" ಅಂತಾರಲ್ಲ, ಏನದು?

ಹುಬ್ಬು ಮೇಲೆತ್ತಿ, ಆಶ್ಚರ್ಯ ಆದವರ ಹಾಗೆ ಮಾಡಿ ಅಂತ ಹೇಳುತ್ತೇವೆ. ಚೆನ್ನಾಗಿರುವ ಕಡೆ ಹಣೆಯಲ್ಲಿ ಗೆರೆಗಳು ಮೂಡುತ್ತವೆ. ಸೋತ ಕಡೆಯಲ್ಲಿ ಏನಾಗುತ್ತದೆ ಅನ್ನುವುದೇ ಇಲ್ಲಿ ಮುಖ್ಯ.

ಹಣೆಯ ಸ್ನಾಯುಗಳಿಗೆ ಮಿದುಳಿನ ಎರಡೂ ಕಡೆಯಿಂದ ಲೈನ್ ಬಂದಿದೆ. ಬಾಯಿಯ ಸುತ್ತಲಿನ ಸ್ನಾಯುಗಳಿಗೆ ಬಹುಪಾಲು ಎದುರು ಕಡೆಯ ಮಿದುಳಿನಿಂದ ಮಾತ್ರ. ಮಿದುಳಿನ ಒಂದು ಕಡೆ ಸ್ಟ್ರೋಕ್ ಆದರೆ ಬಾಯಿಗೆ ಬರುವ ಲೈನ್ ಹೋಯಿತು. ಹಣೆಗೆ ಇನ್ನೊಂದು ಕಡೆಯಿಂದ ಕರೆಂಟ್ ಇದ್ದೇ ಇದೆ. ಹಾಗಾಗಿ ಬಾಯಿ ಸೊಟ್ಟಗಾದರೂ ಹುಬ್ಬು ಏಳುತ್ತದೆ, ಹಣೆಯಲ್ಲಿ ಗೆರೆ ಮೂಡುತ್ತದೆ, ಕಣ್ಣೂ ಬಹುಮಟ್ಟಿಗೆ ಮುಚ್ಚುತ್ತದೆ.

ಬೆಲ್ಸ್ ಪಾಲ್ಸಿಯಲ್ಲಿ ತೊಂದರೆ ಇರುವುದು ಮಿದುಳಿನಲ್ಲಲ್ಲ. ಮಿದುಳಿನಿಂದ ಹೊರಟ ಮುಖದ ನರ ಕಿವಿಯ ಹಿಂದಿನ ಮೂಳೆಯಲ್ಲಿ ಒಂದು ಕಿರಿದಾದ ಸುರಂಗದೊಳಗೆ ಹಾದು ಬರುತ್ತದೆ. ಆ ಸುರಂಗದ ಅತಿ ಇಕ್ಕಟ್ಟಾದ ಜಾಗ 1 ಮಿಲಿಮೀಟರಿಗಿಂತಲೂ ಕಡಿಮೆ ಅಗಲ. ಅಲ್ಲಿ ನರ ಊದಿಕೊಂಡರೆ ತಾನೇ ಅಮುಕಿಕೊಳ್ಳುತ್ತದೆ. ಹಣೆಗೆ, ಕಣ್ಣಿಗೆ, ಕೆನ್ನೆಗೆ, ಬಾಯಿಗೆ ಎಲ್ಲಕ್ಕೂ ಹೋಗುವುದು ಇದೇ ನರ. ಮನೆಯ ಮೇನ್ ಸ್ವಿಚ್ಚೇ ಬಿದ್ದ ಹಾಗೆ. ಹಣೆ ಇಸ್ತ್ರಿ ಮಾಡಿದಂತೆ ನುಣ್ಣಗಾಗುತ್ತದೆ, ಹುಬ್ಬು ಏಳುವುದಿಲ್ಲ, ಕಣ್ಣು ಮುಚ್ಚುವುದಿಲ್ಲ, ಬಾಯಿಯೂ ಹೋಗುತ್ತದೆ.

ಆದ್ದರಿಂದ ಕೇಳುವವರಿಗೆ ಉಲ್ಟಾ ಅನ್ನಿಸುವ ಮಾತೊಂದು ಇಲ್ಲಿದೆ. ಮುಖ ಪೂರ್ತಿ ಬಿದ್ದು ಹೆದರಿಕೆ ಹುಟ್ಟಿಸುವಂತೆ ಕಂಡರೆ ಬೆಲ್ಸ್ ಪಾಲ್ಸಿ ಆಗಿರುವ ಸಾಧ್ಯತೆ ಜಾಸ್ತಿ. ಹಣೆ ಚೆನ್ನಾಗಿದ್ದು ಬಾಯಿ ಮಾತ್ರ ಸ್ವಲ್ಪ ಓರೆಯಾಗಿದ್ದರೆ ಹೆಚ್ಚು ಭಯಪಡಬೇಕು.

ಮೇಲಿನ ರೆಪ್ಪೆ ಜೋತುಬಿದ್ದಿದೆ. ಇದೂ ಬೆಲ್ಸ್ ಪಾಲ್ಸಿನಾ?

ಈ ಪ್ರಶ್ನೆಗೆ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಇದರಲ್ಲಿ ತಪ್ಪುವವರಲ್ಲಿ ವೈದ್ಯರೂ ಇದ್ದಾರೆ.

ಕಣ್ಣು ಮುಚ್ಚುವುದು ಒಂದು ನರ, ತೆರೆಯುವುದು ಇನ್ನೊಂದು. ಮುಚ್ಚುವ ಕೆಲಸ ಮುಖದ ನರದ್ದು. ಮೇಲಿನ ರೆಪ್ಪೆಯನ್ನು ಎತ್ತುವ ಕೆಲಸ ಮುಖ್ಯವಾಗಿ ಮಿದುಳಿನಿಂದ ಬರುವ ಮೂರನೆಯ ನರದ್ದು. ಬೆಲ್ಸ್ ಪಾಲ್ಸಿಯಲ್ಲಿ ಹಾಳಾಗುವುದು ಮುಚ್ಚುವ ನರ. ಅಂದಮೇಲೆ ಕಣ್ಣು ಮುಚ್ಚಲಾಗದೆ ಬಿಟ್ಟುಕೊಂಡಿರಬೇಕೇ ಹೊರತು ರೆಪ್ಪೆ ಕೆಳಗೆ ಬೀಳಬಾರದು, ಅಲ್ವಾ?

ಆದರೂ ಕೆಲವರಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ, ಸೋತ ಕಡೆಯ ರೆಪ್ಪೆ ಜೋತುಬಿದ್ದಂತೆ ಕಾಣುವುದುಂಟು. ಅಲ್ಲಿ ಬಿದ್ದಿರುವುದು ರೆಪ್ಪೆಯಲ್ಲ, ಹುಬ್ಬು. ಹಣೆಯ ಸ್ನಾಯು ಸೋತು ಹುಬ್ಬು ಇಳಿದಾಗ ಅದರ ಕೆಳಗಿನ ಸಡಿಲ ಚರ್ಮ ರೆಪ್ಪೆಯ ಮೇಲೆ ಕೂರುತ್ತದೆ. ಗೊತ್ತುಮಾಡಿಕೊಳ್ಳಲು ಸುಲಭದ ದಾರಿ ಇದೆ. ಹೆಬ್ಬೆರಳಿನಿಂದ ಹುಬ್ಬನ್ನು ಮೆಲ್ಲಗೆ ಅದರ ಜಾಗಕ್ಕೆ ಎತ್ತಿ ಹಿಡಿಯಿರಿ. ಕಣ್ಣು ಸರಿಯಾಗಿ ತೆರೆದುಕೊಂಡರೆ ಅದು ಹುಬ್ಬಿನ ಭಾರ. ಹುಬ್ಬು ಎತ್ತಿ ಹಿಡಿದರೂ ರೆಪ್ಪೆ ಕಪ್ಪುಗುಡ್ಡೆಯ ಮೇಲೆಯೇ ಇಳಿದಿದ್ದರೆ ಅದು ನಿಜವಾದ ರೆಪ್ಪೆ ಬೀಳುವಿಕೆ. ಅದನ್ನು ಬೆಲ್ಸ್ ಪಾಲ್ಸಿ ಅಂತ ಹೇಳಿ ಮನೆಗೆ ಕಳಿಸುವ ಹಾಗಿಲ್ಲ.

ಆಗ ನಾವು ಕಣ್ಣಿನ ಪಾಪೆ ನೋಡುತ್ತೇವೆ. ರೆಪ್ಪೆ ಬಿದ್ದ ಕಣ್ಣಿನ ಪಾಪೆ ದೊಡ್ಡದಾಗಿದ್ದು, ಎರಡೆರಡು ಕಾಣುತ್ತಾ, ತಲೆ ಸಿಡಿಯುವಂತೆ ನೋಯುತ್ತಿದ್ದರೆ ಮಿದುಳಿನ ರಕ್ತನಾಳ ಬಲೂನಿನಂತೆ ಉಬ್ಬಿ ಮೂರನೆಯ ನರವನ್ನು ಒತ್ತುತ್ತಿರಬಹುದು. ಪಾಪೆ ಚಿಕ್ಕದಾಗಿ, ರೆಪ್ಪೆ ಒಂದೆರಡು ಮಿಲಿಮೀಟರ್ ಮಾತ್ರ ಇಳಿದು, ಕುತ್ತಿಗೆ ನೋವಿದ್ದರೆ ಕುತ್ತಿಗೆಯ ರಕ್ತನಾಳದ ಒಳಪದರ ಸೀಳಿರಬಹುದು, ಅದರಿಂದ ಸ್ಟ್ರೋಕ್ ಆಗಬಹುದು. ತಲೆಸುತ್ತು, ನುಂಗಲು ಕಷ್ಟ, ಧ್ವನಿ ಒಡೆದಿರುವುದು ಇವು ಜೊತೆಗಿದ್ದರೆ ಮಿದುಳಿನ ಬುಡದಲ್ಲೇ ಸ್ಟ್ರೋಕ್ ಆಗಿರಬಹುದು. ಈ ಮೂರೂ ತುರ್ತು. ಬೆಳಿಗ್ಗೆ ಚೆನ್ನಾಗಿದ್ದು ಸಂಜೆ ಹೊತ್ತಿಗೆ ರೆಪ್ಪೆ ಇಳಿಯುವುದು, ಟಿವಿ ನೋಡುವಾಗ ಎರಡೆರಡು ಕಾಣುವುದು ಬೇರೆಯದೇ ಕಾಯಿಲೆ, ಮಯಸ್ತೀನಿಯಾ. ಅದಕ್ಕೂ ಒಳ್ಳೆಯ ಔಷಧಿ ಇದೆ.

ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ್ದು ಇಷ್ಟೇ. ಕಣ್ಣು ಮುಚ್ಚಲು ಆಗದಿದ್ದರೆ ಮುಖದ ನರ. ತೆರೆಯಲು ಆಗದಿದ್ದರೆ ಬೇರೇನೋ, ಅದು ಏನು ಅಂತ ಆ ದಿನವೇ ಹುಡುಕಬೇಕು.

ಮಾತು ತೊದಲುತ್ತಿದೆ. ಬೆಲ್ಸ್ ಪಾಲ್ಸಿಯಲ್ಲೂ ಹಾಗಾಗುತ್ತಾ?

ಆಗುತ್ತದೆ, ಆದರೆ ಬೇರೆ ಥರ. ತುಟಿ ಸೇರಿಸಿ ಹೇಳುವ ಅಕ್ಷರಗಳು ಮಾತ್ರ ಸೋರುತ್ತವೆ: ಪ, ಬ, ಮ. ನಾನು "ಪಾಪಮ್ಮ ಬುಟ್ಟಿ ತುಂಬ ಮಾವಿನಹಣ್ಣು ತಂದಳು" ಅಂತ ಹೇಳಿಸುತ್ತೇನೆ. ಬೆಲ್ಸ್ ಪಾಲ್ಸಿ ಇರುವವರು ಗಾಳಿ ಬಿಡುತ್ತಾ ಹೇಳುತ್ತಾರೆ, ಆದರೆ ಮಾತು ಪೂರ್ತಿ ಸರಿಯಾಗಿರುತ್ತದೆ. ಕೆನ್ನೆಯನ್ನು ಬೆರಳಿಂದ ಒತ್ತಿ ಹಿಡಿದುಕೊಂಡರೆ ಇನ್ನೂ ಸ್ಪಷ್ಟವಾಗುತ್ತದೆ. ಆಮೇಲೆ "ಕಾಗೆ ಕೂಗಿತು" ಅನ್ನಿಸಿದರೆ ತೊದಲೇ ಇಲ್ಲ, ಯಾಕೆಂದರೆ ಅದರಲ್ಲಿ ತುಟಿ ಮುಚ್ಚುವ ಅಕ್ಷರ ಇಲ್ಲ.

ಸ್ಟ್ರೋಕ್‌ನಲ್ಲಿ ಎಲ್ಲ ಅಕ್ಷರಗಳೂ ಕುಡಿದವರ ಮಾತಿನಂತೆ ಒಂದಕ್ಕೊಂದು ಅಂಟಬಹುದು. ಅಥವಾ ಪದವೇ ಸಿಗುವುದಿಲ್ಲ: ಚಮಚ ತೋರಿಸಿದರೆ "ಅದು... ಅದು..." ಅನ್ನುತ್ತಾರೆ, ಇಲ್ಲವೇ ಬಾಚಣಿಗೆ ಅನ್ನುತ್ತಾರೆ. ನೀವು ಹೇಳಿದ್ದು ಅವರಿಗೆ ಅರ್ಥವಾಗದೇ ಇರಬಹುದು.

ಡಾಕ್ಟರು ಹಣೆ ಎತ್ತಿಸಿ, ಕಣ್ಣು ಮುಚ್ಚಿಸಿ, ಸ್ಕ್ಯಾನೇ ಮಾಡಿಸದೆ ಮಾತ್ರೆ ಬರೆದು ಕಳಿಸಿದರು. ಅದು ಸರೀನಾ?

ಪರೀಕ್ಷೆ ಪೂರ್ತಿ ಮಾಡಿದ್ದರೆ ಸರಿ. ಒಬ್ಬರ ಕಥೆ ಹೇಳುತ್ತೇನೆ.

ಬಸವನಗುಡಿಯ ಕಡೆ ಟೈಲರ್ ಅಂಗಡಿ ಇಟ್ಟಿರುವವರು, 46 ವರ್ಷ, ಆರು ವರ್ಷದಿಂದ ಶುಗರ್ ಇದೆ. ಹಿಂದಿನ ಸಂಜೆ ಬಲಗಿವಿಯ ಹಿಂದೆ ನೋವು ಶುರುವಾಗಿತ್ತು, ಹೊಲಿಗೆ ಮೆಷಿನ್ ಮೇಲೆ ಬಗ್ಗಿ ಕೂತದ್ದಕ್ಕೆ ಅಂದುಕೊಂಡು ಬಾಮ್ ಹಚ್ಚಿದ್ದರು. ರಾತ್ರಿ ಸಾರು ಸಪ್ಪೆ ಅನ್ನಿಸಿ ಉಪ್ಪು ಕೇಳಿದ್ದರು. ಕುಕ್ಕರ್ ವಿಷಲ್ ಬಲಗಿವಿಗೆ ಚುಚ್ಚಿದಂತಾಗಿತ್ತು. ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಬಲಗಡೆಯಿಂದ ಬನಿಯನ್ ಮೇಲೆ ಸುರಿಯಿತು. ಕನ್ನಡಿ ನೋಡಿದರೆ ಬಾಯಿ ಎಡಕ್ಕೆ ಎಳೆದಿದೆ. ಹೆಂಡತಿ ಹೆದರಿ, "ನಮ್ಮ ಯಜಮಾನ್ರ ಎಡಭಾಗ ಬಿದ್ದುಹೋಗಿದೆ ಡಾಕ್ಟ್ರೇ" ಅಂತ ಕರೆದುಕೊಂಡು ಬಂದರು. ಆಗ ಒಂಬತ್ತೂವರೆ.

ಹುಬ್ಬು ಎತ್ತಿ ಅಂದೆ. ಎಡಗಡೆ ನಾಲ್ಕು ಗೆರೆ, ಬಲಗಡೆ ಒಂದೂ ಇಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿ ಅಂದೆ. ಬಲಗಣ್ಣಿನಲ್ಲಿ ಸುಮಾರು 4 ಮಿಲಿಮೀಟರ್ ಸಂದು ಉಳಿಯಿತು, ಆ ಸಂದಿನಲ್ಲಿ ಕಣ್ಣುಗುಡ್ಡೆ ಮೇಲಕ್ಕೆ ಉರುಳಿ ಬಿಳಿ ಮಾತ್ರ ಕಂಡಿತು. ನೋಡಿದ ಹೆಂಡತಿ ಬೆಚ್ಚಿದರು. ಅದು ಹೆಚ್ಚಿನವರಲ್ಲಿ ಕಣ್ಣು ಮುಚ್ಚುವಾಗ ನಡೆಯುವುದೇ, ರೆಪ್ಪೆ ಅಡ್ಡ ಇರುವುದರಿಂದ ನಮಗೆ ಕಾಣುವುದಿಲ್ಲ ಅಷ್ಟೆ. ಪಾಪೆಗಳು ಸಮ, ಎರಡೆರಡು ಕಾಣುತ್ತಿಲ್ಲ, ಕಣ್ಣು ಎಲ್ಲ ಕಡೆಗೂ ತಿರುಗುತ್ತದೆ. ಚಾಚಿದ ಕೈ ಇಳಿಯಲಿಲ್ಲ. ಬಲಗೈಯಲ್ಲಿ ಸೂಜಿಗೆ ದಾರ ಪೋಣಿಸಿ ತೋರಿಸಿದರು. ಗೆರೆ ಹಿಡಿದು ನಡೆದರು. ಕಿವಿಯೊಳಗೆ, ಕಿವಿಯ ಸುತ್ತ, ಅಂಗುಳಲ್ಲಿ ನೀರುಗುಳ್ಳೆ ಇಲ್ಲ. ಕಿವಿಯ ಮುಂದೆ, ದವಡೆಯ ಹತ್ತಿರ ಗಂಟಿಲ್ಲ.

ರುಚಿ ಹೋದದ್ದು, ಶಬ್ದ ಚುಚ್ಚಿದ್ದು ಎರಡೂ ಇಲ್ಲಿ ಸಾಕ್ಷಿಗಳೇ. ನಾಲಗೆಯ ಮುಂಭಾಗದ ರುಚಿಯ ಎಳೆಗಳೂ, ಜೋರು ಶಬ್ದವನ್ನು ತಡೆಯುವ ಕಿವಿಯೊಳಗಿನ ಪುಟ್ಟ ಸ್ನಾಯುವಿನ ಎಳೆಯೂ ಇದೇ ನರದ ಜೊತೆ ಅದೇ ಸುರಂಗದಲ್ಲಿ ಸಾಗುತ್ತವೆ. ಮಿದುಳಿನಲ್ಲಿ ಆದ ತೊಂದರೆ ಸಾಮಾನ್ಯವಾಗಿ ಈ ಮೂರನ್ನೂ ಒಟ್ಟಿಗೆ ಕೆಡಿಸುವುದಿಲ್ಲ. ಹೀಗೆ ಎಲ್ಲ ಒಂದಕ್ಕೊಂದು ಹೊಂದಿದಾಗ ಸಿಟಿ, ಎಂಆರ್‌ಐ ಯಾವುದೂ ಬೇಕಿಲ್ಲ. ಶುಗರ್ ಮಾತ್ರ ನೋಡಿದೆ, ಔಷಧಿ ಕೊಡುವ ಮುಂಚೆ ಅದು ಗೊತ್ತಿರಬೇಕು.

ಹಣೆ ನೋಡಿ ಹೇಳುವುದು ತಪ್ಪಾಗುವುದೇ ಇಲ್ಲವಾ?

ತಪ್ಪಾಗುತ್ತದೆ, ಎರಡೂ ಕಡೆಗೆ. ಮುಖದ ನರ ಹೊರಡುವ ಜಾಗ ಮಿದುಳಿನ ಬುಡದಲ್ಲಿದೆ. ಸಣ್ಣ ಸ್ಟ್ರೋಕ್ ನೇರವಾಗಿ ಅಲ್ಲೇ ಆದರೆ ಹಣೆಯೂ ಸೇರಿ ಅರ್ಧ ಮುಖ ಬೀಳುತ್ತದೆ, ಥೇಟ್ ಬೆಲ್ಸ್ ಪಾಲ್ಸಿಯ ಹಾಗೆ. ಆದರೆ ಅಲ್ಲಿ ಅಕ್ಕಪಕ್ಕ ಬೇರೆ ನರಗಳೂ ಕಿಕ್ಕಿರಿದಿವೆ. ಹಾಗಾಗಿ ಸಾಮಾನ್ಯವಾಗಿ ಕಣ್ಣು ಹೊರಕ್ಕೆ ತಿರುಗದೆ ಎರಡೆರಡು ಕಾಣುವುದು, ತಲೆಸುತ್ತು, ಎದುರು ಕಡೆಯ ಕೈಕಾಲು ಸೋಲುವುದು ಇಂಥದ್ದೇನಾದರೂ ಜೊತೆಗಿರುತ್ತದೆ. ಇವುಗಳಲ್ಲಿ ಒಂದಿದ್ದರೂ ಹಣೆಯನ್ನು ಮರೆತು ಸ್ಕ್ಯಾನ್ ಮಾಡಿಸಬೇಕು. ಇನ್ನೊಂದು, ಬೆಲ್ಸ್ ಪಾಲ್ಸಿ ಶುರುವಾದ ಮೊದಲ ಗಂಟೆಗಳಲ್ಲಿ ಹಣೆ ಇನ್ನೂ ಪೂರ್ತಿ ಸೋತಿರುವುದಿಲ್ಲ. ಅದು ಗಂಟೆಗಟ್ಟಲೆ, ಕೆಲವೊಮ್ಮೆ ಎರಡು ಮೂರು ದಿನ ಜಾಸ್ತಿಯಾಗುತ್ತಾ ಹೋಗುತ್ತದೆ. ಸ್ಟ್ರೋಕ್ ಬಹುತೇಕ ಸ್ವಿಚ್ ಆರಿಸಿದಂತೆ ಒಮ್ಮೆಲೇ ಬರುತ್ತದೆ. ಅನುಮಾನ ಇದ್ದಾಗ ಸ್ಟ್ರೋಕ್ ಅಂತಲೇ ನಡೆದುಕೊಳ್ಳುವುದು ನನ್ನ ಪದ್ಧತಿ.

ಅದಕ್ಕೆ ಕಾರಣವೂ ಇದೆ. 63 ವರ್ಷದ ನಿವೃತ್ತ ಗುಮಾಸ್ತರೊಬ್ಬರಿಗೆ ಸಂಜೆ ಟೀ ಕುಡಿಯುವಾಗ ಬಾಯಿ ಓರೆಯಾಯಿತು, ಬಲಗೈಯಿಂದ ಬಿಸ್ಕತ್ತು ಜಾರಿ ಬಿತ್ತು. ಹಣೆಯಲ್ಲಿ ಗೆರೆಗಳು ಚೆನ್ನಾಗಿಯೇ ಇದ್ದವು, ಮನೆಯವರ ಮೊಬೈಲಿನ ಫೋಟೋದಲ್ಲಿ ನಾನೇ ಆಮೇಲೆ ನೋಡಿದೆ. ಪಕ್ಕದ ಕ್ಲಿನಿಕ್ಕಿನಲ್ಲಿ "ಮುಖಕ್ಕೆ ವಾಯು ಹೊಡೆದಿದೆ" ಅಂತ ವಿಟಮಿನ್ ಇಂಜೆಕ್ಷನ್ ಕೊಟ್ಟು ಕಳಿಸಿದರು. ಬೆಳಿಗ್ಗೆ ಹೊತ್ತಿಗೆ ಬಲಗೈ ಎತ್ತಲಾಗಲಿಲ್ಲ. ಬಿಸ್ಕತ್ತು ಬಿದ್ದದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ, ಇವರೂ ಹೇಳಿರಲಿಲ್ಲ. ಆ ಒಂದು ಮಾತು ಈಗಲೂ ನನ್ನನ್ನು ಕಾಡುತ್ತದೆ. ಮುಖ ಬಿದ್ದಿದೆ ಅಂತ ಬಂದ ಪ್ರತಿಯೊಬ್ಬರನ್ನೂ "ಕೈಯಿಂದ ಏನಾದರೂ ಜಾರಿತಾ?" ಅಂತ ಕೇಳುತ್ತೇನೆ. ಡಾಕ್ಟರು ಕೇಳುವ ಮೊದಲೇ ನೀವೇ ಹೇಳಿಬಿಡಿ.

ಬಸ್ಸಿನ ಕಿಟಕಿ ಗಾಳಿ, ಆಫೀಸಿನ ಎಸಿ ಇದರಿಂದ ಬರುತ್ತಾ?

ಗಾಳಿ ಬಡಿದು ನರ ಸೋಲುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ನರದಲ್ಲಿ ಅಡಗಿ ಕೂತಿದ್ದ ಹರ್ಪಿಸ್ ಜಾತಿಯ ವೈರಸ್ ಮತ್ತೆ ಎಚ್ಚರಗೊಂಡು ಊತ ತರುತ್ತದೆ ಅನ್ನುವುದು ಹೆಚ್ಚಿನವರು ಒಪ್ಪುವ ವಿವರಣೆ. ಶುಗರ್ ಇರುವವರಲ್ಲಿ, ಬಸುರಿಯರಲ್ಲಿ ಕೊನೆಯ ತಿಂಗಳುಗಳಲ್ಲಿ ಇದು ಹೆಚ್ಚು. ಕಿವಿಯಲ್ಲಿ ನೀರುಗುಳ್ಳೆ ಎದ್ದು ಉರಿಯುತ್ತಿದ್ದರೆ ಅದು ಸರ್ಪಸುತ್ತಿನ ವೈರಸ್, ಅದಕ್ಕೆ ವೈರಸ್ ವಿರುದ್ಧದ ಮಾತ್ರೆಯನ್ನೂ ಕೂಡಲೇ ಸೇರಿಸಬೇಕು.

ಸ್ಟೀರಾಯ್ಡ್ ಬರೆದಿದ್ದಾರೆ. ಶುಗರ್ ಇದೆ, ತಗೋಬಹುದಾ?

ಬೆಲ್ಸ್ ಪಾಲ್ಸಿಗೆ ಕೆಲಸ ಮಾಡುತ್ತದೆ ಅಂತ ಚೆನ್ನಾಗಿ ಸಾಬೀತಾಗಿರುವ ಔಷಧಿ ಇದೊಂದೇ: ಪ್ರೆಡ್ನಿಸೊಲೋನ್. ಸುರಂಗದೊಳಗಿನ ಊತವನ್ನು ಇಳಿಸುತ್ತದೆ. ಮೊದಲ 72 ಗಂಟೆಯೊಳಗೆ ಶುರು ಮಾಡಬೇಕು. ಸ್ಕಾಟ್ಲೆಂಡಿನಲ್ಲಿ ಮಾಡಿದ, 2007ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಈ ಮಾತ್ರೆ ತೆಗೆದುಕೊಂಡವರಲ್ಲಿ ಒಂಬತ್ತು ತಿಂಗಳಿಗೆ ನೂರಕ್ಕೆ 94 ಜನ ಪೂರ್ತಿ ಗುಣವಾಗಿದ್ದರು. ತೆಗೆದುಕೊಳ್ಳದವರಲ್ಲಿ ಸುಮಾರು 82.

ಟೈಲರ್‌ಗೆ ಕೊಟ್ಟದ್ದು ಹೀಗೆ: ಬೆಳಿಗ್ಗೆ ತಿಂಡಿಯಾದ ಮೇಲೆ 60 ಮಿಲಿಗ್ರಾಂ, ಐದು ದಿನ. ಆಮೇಲೆ ದಿನಕ್ಕೆ ಹತ್ತರಂತೆ ಇಳಿಸುತ್ತಾ 50, 40, 30, 20, 10. ಹತ್ತು ದಿನಕ್ಕೆ ಮುಗಿಯಿತು. ಇದು ಅವರಿಗೆ ಬರೆದ ಲೆಕ್ಕ, ಇದನ್ನು ನೋಡಿ ಮೆಡಿಕಲ್ ಶಾಪಿನಲ್ಲಿ ತಂದು ನುಂಗಬೇಡಿ. ಶುಗರ್ ಇರುವವರೂ ತೆಗೆದುಕೊಳ್ಳಬಹುದು, ಆದರೆ ಕಣ್ಗಾವಲು ಬೇಕು. ಬೆಳಗಿನ ಮಾತ್ರೆಯಿಂದ ಶುಗರ್ ಏರುವುದು ಮುಖ್ಯವಾಗಿ ಮಧ್ಯಾಹ್ನದಿಂದ ಸಂಜೆಯವರೆಗೆ. ಖಾಲಿ ಹೊಟ್ಟೆಯಲ್ಲಿ ಮಾತ್ರ ನೋಡಿದರೆ ಏರಿದ್ದೇ ಗೊತ್ತಾಗುವುದಿಲ್ಲ. ಇವರಿಗೆ ಬೆಳಿಗ್ಗೆ 138 ಇದ್ದದ್ದು ಮೂರನೆಯ ದಿನ ಸಂಜೆ 310 ಮುಟ್ಟಿತು. ಆ ಹತ್ತು ದಿನ ಮಟ್ಟಿಗೆ ಶುಗರ್ ಔಷಧಿ ಬದಲಿಸಿದೆವು. ಬಿಪಿ, ಹೊಟ್ಟೆ ಹುಣ್ಣು, ಹಳೆಯ ಟಿಬಿ, ಬಸುರು ಯಾವುದಿದ್ದರೂ ಮಾತ್ರೆ ಬರೆಯುವ ಮುಂಚೆಯೇ ಹೇಳಬೇಕು.

ಮುಖ ತಾನಾಗೇ ಸರಿಹೋಗುತ್ತದೆ ಅಂದಮೇಲೆ ಕಣ್ಣಿನ ಬಗ್ಗೆ ಯಾಕೆ ಇಷ್ಟು ಹೇಳುತ್ತೀರಿ?

ಬೆಲ್ಸ್ ಪಾಲ್ಸಿಯಲ್ಲಿ ಕಾಯದೇ ಹಾಳಾಗುವುದು ಕಣ್ಣೊಂದೇ. ರೆಪ್ಪೆ ಮುಚ್ಚದಿದ್ದರೆ ಕಪ್ಪುಗುಡ್ಡೆಯ ಮೇಲಿನ ಪದರ ಒಣಗುತ್ತದೆ, ಹುಣ್ಣಾಗುತ್ತದೆ, ಅಲ್ಲಿ ಕಲೆ ಉಳಿದರೆ ದೃಷ್ಟಿ ಹೋಗುತ್ತದೆ. ಬೆಂಗಳೂರಿನ ಧೂಳಿನಲ್ಲಿ, ಮೆಟ್ರೋ ಕಾಮಗಾರಿಯ ರಸ್ತೆಯಲ್ಲಿ ಸ್ಕೂಟರ್ ಓಡಿಸುವವರಿಗೆ ಇದು ಇನ್ನೂ ಬೇಗ.

ಹಗಲು ಎಚ್ಚರ ಇರುವಾಗ ಗಂಟೆ, ಎರಡು ಗಂಟೆಗೊಮ್ಮೆ ಕಣ್ಣೀರಿನಂಥ ಡ್ರಾಪ್ಸ್. ಹೊರಗೆ ಹೋಗುವಾಗ ಪಕ್ಕವೂ ಮುಚ್ಚುವ ಕನ್ನಡಕ. ರಾತ್ರಿಗೆ ಮುಲಾಮು ಮತ್ತು ಟೇಪ್. ಟೇಪ್ ಹಾಕುವುದನ್ನು ಟೈಲರ್ ಹೆಂಡತಿಗೆ ನಾನೇ ಕೂತು ತೋರಿಸಿದೆ, ತಪ್ಪಾಗಿ ಹಾಕಿದರೆ ಹಾಕದೇ ಇರುವುದಕ್ಕಿಂತ ಕೆಟ್ಟದು. ಮೊದಲು ಕೈ ತೊಳೆದು, ಕೆಳರೆಪ್ಪೆ ಎಳೆದು ಅಕ್ಕಿಕಾಳಿನಷ್ಟು ಮುಲಾಮು ಹಾಕಿ. ಆಮೇಲೆ ಬೆರಳ ಬೆನ್ನಿನಿಂದ ಮೇಲಿನ ರೆಪ್ಪೆಯನ್ನು ಮೆಲ್ಲಗೆ ಪೂರ್ತಿ ಕೆಳಗಿಳಿಸಿ. ಕಣ್ಣು ಮುಚ್ಚಿದೆ ಅಂತ ಖಾತ್ರಿಯಾದ ಮೇಲೆಯೇ, ಮೇಲಿನ ರೆಪ್ಪೆಯಿಂದ ಕೆನ್ನೆಯ ಕಡೆಗೆ ಕಾಗದದ ಮೈಕ್ರೋಪೋರ್ ಟೇಪ್ ಅಂಟಿಸಿ. ಅರ್ಧ ತೆರೆದ ಕಣ್ಣಿನ ಮೇಲೆ ಹತ್ತಿಯನ್ನೋ ಗಾಜ್ ಬಟ್ಟೆಯನ್ನೋ ಇಟ್ಟರೆ ಅದು ರಾತ್ರಿಯಿಡೀ ಕಣ್ಣುಗುಡ್ಡೆಯನ್ನು ಉಜ್ಜುತ್ತದೆ.

ಕಣ್ಣು ಕೆಂಪಾಗಿ ನೋವು ಬಂದರೆ, ಬೆಳಕು ನೋಡಲಾಗದಿದ್ದರೆ, ಮಂಜಾದರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಮುಖಕ್ಕೆ ಕರೆಂಟ್ ಕೊಡಿಸಬೇಕಾ? ಎಣ್ಣೆ, ಪಾರಿವಾಳದ ರಕ್ತ?

ಕರೆಂಟ್ ಕೊಡುವುದರಿಂದ ಬೇಗ ಗುಣವಾಗುತ್ತದೆ ಅನ್ನುವುದು ಸಾಬೀತಾಗಿಲ್ಲ, ನಾನು ಬರೆಯುವುದಿಲ್ಲ. ಬಿಸಿ ಎಣ್ಣೆ ಹಚ್ಚಿ ಜೋರಾಗಿ ತಿಕ್ಕುವುದು ಬೇಡ. ಪಾರಿವಾಳದ ರಕ್ತ ಬೇಡವೇ ಬೇಡ. ಈ ಓಡಾಟದಲ್ಲಿ ಮಾತ್ರೆ ಶುರು ಮಾಡಬೇಕಾದ ಮೂರು ದಿನ ಕಳೆದುಹೋಗುತ್ತದೆ. ಊರಿಂದ ಹಿರಿಯರು ಒತ್ತಾಯ ಮಾಡಿದರೆ ಜಗಳ ಆಡಬೇಡಿ, ಮಾತ್ರೆ ಮುಗಿಸಿ ಬರುತ್ತೇವೆ ಅನ್ನಿ.

ಎಷ್ಟು ದಿನಕ್ಕೆ ಸರಿಹೋಗುತ್ತದೆ?

ಹೆಚ್ಚಿನವರಲ್ಲಿ ಮೂರು ವಾರದೊಳಗೆ ಏನಾದರೂ ಅಲುಗಾಟ ಶುರುವಾಗುತ್ತದೆ. ಟೈಲರ್‌ಗೆ 18ನೆಯ ದಿನ ಬಾಯಿಯ ಮೂಲೆ ಚೂರು ನಡುಗಿತು, ಆರು ವಾರಕ್ಕೆ ಕಣ್ಣು ಮುಚ್ಚಿತು, ಮೂರು ತಿಂಗಳಿಗೆ ಫೋಟೋದಲ್ಲಿ ವ್ಯತ್ಯಾಸ ಹುಡುಕಬೇಕಾಯಿತು. ಮೂರು ತಿಂಗಳಾದರೂ ಒಂದು ಸ್ನಾಯುವೂ ಅಲುಗದಿದ್ದರೆ ಅದು ಬೆಲ್ಸ್ ಪಾಲ್ಸಿಯೇ ಅಲ್ಲದಿರಬಹುದು, ಎಂಆರ್‌ಐ ಮಾಡಿಸಬೇಕು. ವಾರಗಟ್ಟಲೆ ನಿಧಾನವಾಗಿ ಬಿಗಡಾಯಿಸುತ್ತಾ ಬಂದ ಮುಖವೂ ಹಾಗೆಯೇ. ಕಿವಿಯ ಮುಂದಿನ ಗ್ರಂಥಿಯಲ್ಲಿ, ಇಲ್ಲವೇ ನರದ ದಾರಿಯಲ್ಲಿ ಗಡ್ಡೆ ಇದೆಯಾ ಅಂತ ನೋಡಬೇಕಾಗುತ್ತದೆ.

ಗುಣವಾಗಿ ತಿಂಗಳುಗಳಾದ ಮೇಲೆ ಈಗ ಅದೇ ಕಣ್ಣು ಚಿಕ್ಕದಾಗುತ್ತಿದೆ. ಮತ್ತೆ ಬಂತಾ?

ಟೈಲರ್ ಏಳನೆಯ ತಿಂಗಳಲ್ಲಿ ಇದೇ ಭಯದಿಂದ ಬಂದರು. "ಊಟ ಮಾಡುವಾಗ ಬಲಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತೆ ಡಾಕ್ಟ್ರೇ, ಗಿರಾಕಿಗಳು ಕಣ್ಣು ಹೊಡೀತೀರಾ ಅಂತಾರೆ." ಹೊಸದಾಗಿ ಏನೂ ಸೋತಿಲ್ಲ. ನರ ಮತ್ತೆ ಬೆಳೆಯುವಾಗ ಬಾಯಿಗೆ ಹೋಗಬೇಕಾದ ಕೆಲವು ಎಳೆಗಳು ದಾರಿ ತಪ್ಪಿ ಕಣ್ಣಿಗೆ ಸೇರಿವೆ. ಬಾಯಿ ಆಡಿಸಿದಾಗ ಕಣ್ಣೂ ಮುಚ್ಚುತ್ತದೆ. ಗುರುತಿಸುವುದು ಸುಲಭ: ಸುಮ್ನೆ ಕೂತಾಗ ಹೆಚ್ಚುಕಡಿಮೆ ಸರಿಯಿದ್ದು, ನಗುವಾಗ, ಅಗಿಯುವಾಗ ಮಾತ್ರ ಕಣ್ಣು ಕಿರಿದಾಗುತ್ತದೆ. ಬಾಯಿ ಆಡಿಸದಿದ್ದಾಗಲೂ ರೆಪ್ಪೆ ಹೊಸದಾಗಿ ಇಳಿದಿದ್ದರೆ ಅದು ಬೇರೆ ಮಾತು, ಆಗ ಪಾಪೆಯಿಂದ ಮತ್ತೆ ಶುರು ಮಾಡುತ್ತೇನೆ.

ಇವರ ಪಾಪೆಗಳು ಸಮ ಇದ್ದವು. ಇಂಥವರಿಗೆ ಬಲವಾಗಿ ಮುಖ ಆಡಿಸುವ, ಬಲೂನ್ ಊದುವ ವ್ಯಾಯಾಮ ಬೇಡ, ತಪ್ಪು ದಾರಿ ಇನ್ನೂ ಗಟ್ಟಿಯಾಗುತ್ತದೆ. ಕನ್ನಡಿ ಮುಂದೆ ಕೂತು, ಕಣ್ಣು ತೆರೆದೇ ಇಟ್ಟುಕೊಂಡು, ತುಟಿಯನ್ನು ಒಂದು ಚೂರೇ ಚೂರು ಎಳೆಯಬೇಕು. ಕಣ್ಣು ಕಿರಿದಾಗಲು ಶುರುವಾದ ಕೂಡಲೇ ನಿಲ್ಲಿಸಿ, ಸಡಿಲ ಬಿಟ್ಟು, ಮತ್ತೆ. ದಿನಕ್ಕೆ ಎರಡು ಸಲ, ಐದೈದು ನಿಮಿಷ. ಇದನ್ನು ಕಲಿಸುವ ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸಿದೆ. ಸಾಕಷ್ಟು ಗುಣ ಕಾಣದಿದ್ದರೆ ಕಣ್ಣಿನ ಸುತ್ತ ಸಣ್ಣ ಪ್ರಮಾಣದ ಬೊಟಾಕ್ಸ್ ಇಂಜೆಕ್ಷನ್ ಕೊಡಬಹುದು. ಅದು ಮೂರು ನಾಲ್ಕು ತಿಂಗಳು ಹಿಡಿಯುತ್ತದೆ, ಆಮೇಲೆ ಮತ್ತೆ ಕೊಡಬೇಕಾಗುತ್ತದೆ.